ಸರಕ್ಕೆ 8, ಜುಮುಕಿಗೆ 16: ಸಣ್ಣ ಅಂಗಡಿಯವರು ವೇಸ್ಟೇಜ್, ಮಜೂರಿ ಹೇಗೆ ನಿಗದಿ ಮಾಡ್ತೀರಿ?

ಹೊಸ_ತಕ್ಕಡಿ
ಎಲ್ಲರಿಗೂ ನಮಸ್ಕಾರ. ಮಾವನವರು ನಡೆಸ್ತಿದ್ದ ಚಿನ್ನದಂಗಡಿ ಈಗ ನಾನು ನೋಡ್ಕೋತಿದೀನಿ. ಚಿಕ್ಕ ಅಂಗಡಿ, ಕೆಲಸಕ್ಕೆ ಇಬ್ಬರು ಹುಡುಗರು. ಮಾವ ಹಾಕಿಟ್ಟ ಲೆಕ್ಕ ಹೀಗಿದೆ: ಮೆಷಿನ್ ಸರಕ್ಕೆ 8%, ಬಳೆಗೆ 10%, ಕೈಕೆಲಸದ ಜುಮುಕಿಗೆ 16%, ಮೂಗುಬೊಟ್ಟಿಗೆ ಶೇಕಡಾ ಲೆಕ್ಕವೇ ಇಲ್ಲ, ಪೀಸಿಗೆ ಇಷ್ಟು ಅಂತ. ಯಾಕೆ ಅಂತ ಕೇಳಿದ್ರೆ "ಮೊದಲಿಂದ ಹಾಗೇ ಬಂದಿದೆಯಮ್ಮ" ಅಂತಾರೆ. ಗಿರಾಕಿ ಕೇಳಿದಾಗ ನನಗೆ ಅಷ್ಟು ಹೇಳಿದ್ರೆ ಸಾಲದು. ನಿನ್ನೆ ಒಬ್ಬರು "ಅದೇ ಚಿನ್ನ, ಅದೇ 916, ಜುಮುಕಿಗೆ ಯಾಕೆ ಎರಡರಷ್ಟು?" ಅಂತ ಕೇಳಿದ್ರು. ಉತ್ತರ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಈ ಅಂಕಿಗಳು ಎಲ್ಲಿಂದ ಬರ್ತವೆ? ನಾನು ಬದಲಾಯಿಸಬೇಕಂದ್ರೆ ಯಾವುದನ್ನ ನೋಡಿ ಬದಲಾಯಿಸಬೇಕು?

ನೇರ_ಮಾತು
ಉತ್ತರ ಸುಲಭ. ವೇಸ್ಟೇಜ್ ಅನ್ನೋದೇ ಸುಳ್ಳು. ಚಿನ್ನ ಎಲ್ಲಿಗೂ ಹೋಗಲ್ಲ. ಅರದ ಪುಡಿ, ಕತ್ತರಿಸಿದ ಚೂರು, ಗುಡಿಸಿದ ಕಸ ಎಲ್ಲಾ ಕರಗಿಸಿ ವಾಪಸ್ ತಗೋತಾರೆ. ಗಿರಾಕಿಯಿಂದ ಮಾತ್ರ ಪೂರ್ತಿ ವಸೂಲಿ.

ಕುಲುಮೆ_ಮನೆ
ನಮ್ಮದು ಮೂರು ತಲೆಮಾರಿನ ಅಕ್ಕಸಾಲಿ ಮನೆ. ನಾನೂ ಹತ್ತಾರು ವರ್ಷ ಕೂತು ಕೆಲಸ ಮಾಡಿ, ಆಮೇಲೆ ಅಂಗಡಿ ಇಟ್ಟವನು. ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ಪುಡಿ ವಾಪಸ್ ಬರುತ್ತೆ, ನಿಜ. ಆದ್ರೆ ಯಾರಿಗೆ ಬರುತ್ತೆ, ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅನ್ನೋದೇ ವಿಷಯ.

ಜುಮುಕಿ ಮಾಡೋದನ್ನ ಹತ್ತಿರ ಕೂತು ನೋಡಿ. ಮೊದಲು ತಗಡು ತಟ್ಟಿ ಬುಟ್ಟಿ ಮಾಡ್ಬೇಕು. ತಂತಿ ಎಳೆದು ಸುತ್ತಿ ಅಂಚು ಕಟ್ಟಬೇಕು. ಸಾಸಿವೆಯಷ್ಟು ಗುಂಡುಗಳನ್ನ ಒಂದೊಂದೇ ಇಕ್ಕಳದಲ್ಲಿ ಎತ್ತಿಟ್ಟು, ಬೆಸುಗೆ ಪುಡಿ ಉದುರಿಸಿ, ಬೆಂಕಿ ಊದಬೇಕು. ಒಂದು ಜೊತೆಯಲ್ಲಿ ನೂರಕ್ಕೂ ಹೆಚ್ಚು ಬೆಸುಗೆ ಇರೋದು ಸಾಮಾನ್ಯ. ಒಂದೊಂದು ಸಲ ಕಾಯಿಸಿದಾಗಲೂ ಮೇಲೆ ಕಪ್ಪು ಹಿಡಿಯುತ್ತೆ, ಆಸಿಡ್‌ಗೆ ಹಾಕಿ ತೆಗೀಬೇಕು. ಕೊನೆಗೆ ಅರ, ಮರಳು ಕಾಗದ, ಪಾಲಿಶ್. ಅರದ ಪುಡಿ ಕೆಲಸದ ಮಣೆ ಕೆಳಗಿನ ಚರ್ಮದ ಮೇಲೆ ಬೀಳುತ್ತೆ, ಅದು ಸಿಗುತ್ತೆ. ಪಾಲಿಶ್ ಚಕ್ರಕ್ಕೆ ಹೋದದ್ದು ಬಟ್ಟೆ, ಮೇಣ, ಧೂಳಿನ ಜೊತೆ ಬೆರೆತಿರುತ್ತೆ. ಅದನ್ನ ತಿಂಗಳುಗಟ್ಟಲೆ ಕೂಡಿಟ್ಟು ಸುಟ್ಟು ಶುದ್ಧಿಗೆ ಕೊಟ್ರೆ ಸ್ವಲ್ಪ ಬರುತ್ತೆ, ಪೂರ್ತಿ ಬರಲ್ಲ.

ಮೆಷಿನ್ ಸರದಲ್ಲಿ ಇಷ್ಟು ಕೈಕೆಲಸ ಇಲ್ಲ. ತಂತಿ ಒಂದು ಕಡೆ ಹೋಗುತ್ತೆ, ಸರ ಇನ್ನೊಂದು ಕಡೆ ಬರುತ್ತೆ. ಕೊಂಡಿ ಮಾತ್ರ ಕೈಯಲ್ಲಿ ಹಾಕ್ತಾರೆ.

ನೇರ_ಮಾತು
ಸರಿ, ಹಾಗಾದ್ರೆ ನಿಜವಾದ ನಷ್ಟ ಎಷ್ಟು? 16% ಅಂತೂ ಅಲ್ಲ ತಾನೆ?

ಕುಲುಮೆ_ಮನೆ
16 ಅಲ್ಲವೇ ಅಲ್ಲ. 16 ಅನ್ನೋದು ಮೂರು ಬಾಬ್ತು ಸೇರಿದ ಒಂದೇ ಅಂಕಿ. ಕೆಲಸಗಾರನಿಗೆ ಬಿಡೋ ಸವಕಳಿ, ಅವನ ಕೂಲಿ, ಅಂಗಡಿಯ ಉಳಿಕೆ. ಮೂರಕ್ಕೂ ಸೇರಿಸಿ "ವೇಸ್ಟೇಜ್" ಅಂತ ಒಂದೇ ಹೆಸರು ಇಟ್ಟಿರೋದ್ರಿಂದಲೇ ಗಿರಾಕಿಗೆ ಮೋಸ ಅನ್ಸೋದು.

ಲೆಕ್ಕ ಹಾಕಿ ತೋರಿಸ್ತೀನಿ. 12 ಗ್ರಾಂ ಜುಮುಕಿ ಜೊತೆ, ಕಲ್ಲಿಲ್ಲ. ಆಚಾರ್ರಿಗೆ 22 ಕ್ಯಾರಟ್ ಚಿನ್ನ 14 ಗ್ರಾಂ ಕೊಟ್ಟೆ ಅಂದುಕೊಳ್ಳಿ. ಅವರು 12 ಗ್ರಾಂ ಜುಮುಕಿ, 1.4 ಗ್ರಾಂ ಚೂರುಪಾರು ತಂದು ತಕ್ಕಡಿಗೆ ಹಾಕಿದ್ರು. ಒಟ್ಟು 13.4. ಕಮ್ಮಿ ಬಿದ್ದದ್ದು 0.6 ಗ್ರಾಂ, ಅಂದ್ರೆ ಜುಮುಕಿ ತೂಕಕ್ಕೆ 5%. ನಮ್ಮಲ್ಲಿ ಈ ಕೆಲಸಕ್ಕೆ ಅಷ್ಟು ಬಿಡ್ತೀವಿ. ಅದರಲ್ಲಿ ಪುಡಿಯಾಗಿ ಉಳಿದದ್ದು ಆಚಾರ್ರಿಗೇ. ಅದು ಅವರ ಕೂಲಿಯ ಭಾಗ ಅಂತಲೇ ಹಿಂದಿನಿಂದ ನಡೆದು ಬಂದಿದೆ. ಇದರ ಮೇಲೆ ಕೈಗೆ ದುಡ್ಡು ಕೊಡ್ತೀವಿ, ಸುಮಾರು ಅರ್ಧ ಗ್ರಾಂ ಚಿನ್ನದ ಬೆಲೆಯಷ್ಟು. ಅಲ್ಲಿಗೆ 1.1 ಗ್ರಾಂ ನಮ್ಮ ಕೈಯಿಂದ ಹೋಯ್ತು. ಗಿರಾಕಿಗೆ 16% ಹಾಕಿದ್ರೆ ಬರೋದು 1.92 ಗ್ರಾಂ. ಅಂಗಡಿಗೆ ಉಳಿದದ್ದು 0.82.

ಹೊಸ_ತಕ್ಕಡಿ
ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ ಸಾರ್. ಸರದ ಲೆಕ್ಕವನ್ನೂ ಹೀಗೇ ಹೇಳ್ತೀರಾ? ಸರ ನಾವು ಮಾಡಿಸೋದಿಲ್ಲ, ಹೋಲ್‌ಸೇಲ್‌ನವರಿಂದ ತರ್ತೀವಿ.

ಹೋಲ್‌ಸೇಲ್_ಹುಡುಗ
ಅದು ನಾನು ಹೇಳ್ತೀನಿ ಅಕ್ಕಾ, ನನ್ನ ದಿನಾ ಕೆಲಸ ಅದೇ. ನಮ್ಮಲ್ಲಿ ವ್ಯವಹಾರ ದುಡ್ಡಲ್ಲಿ ಅಲ್ಲ, ಟಚ್‌ನಲ್ಲಿ. "ಈ ಸರ 95 ಟಚ್" ಅಂದ್ರೆ 100 ಗ್ರಾಂ ಸರ ಒಯ್ದವರು 95 ಗ್ರಾಂ ಫೈನ್ ಚಿನ್ನ ಕೊಡ್ಬೇಕು ಅಂತ. ಸರದ ಒಳಗೆ ಇರೋದು 91.6. ಮಿಕ್ಕ 3.4 ನಮ್ಮದು, ಅದರಲ್ಲೇ ನಮ್ಮ ಸವಕಳಿ, ಕೂಲಿ, ಲಾಭ ಎಲ್ಲಾ.

ನೀವು 20 ಗ್ರಾಂ ಸರ ಒಯ್ದ್ರೆ 19 ಗ್ರಾಂ ಫೈನ್ ಕೊಡ್ತೀರಿ. ಸರದಲ್ಲಿರೋ ಫೈನ್ 18.32. ಹೆಚ್ಚು ಕೊಟ್ಟದ್ದು 0.68. ಅದನ್ನ 22 ಕ್ಯಾರಟ್ಟಿಗೆ ತಿರುಗಿಸಿದ್ರೆ ಮುಕ್ಕಾಲು ಗ್ರಾಂ ಹತ್ತಿರ. ನೀವು ಗಿರಾಕಿಗೆ 8% ಅಂದ್ರೆ 1.6 ಗ್ರಾಂ ಹಾಕ್ತೀರಿ. ನಿಮಗೆ ಉಳಿಯೋದು 0.86.

ಹೊಸ_ತಕ್ಕಡಿ
ಅಂದ್ರೆ 8% ಸರದಲ್ಲೂ 16% ಜುಮುಕಿಯಲ್ಲೂ ನನಗೆ ಉಳಿಯೋದು ಹೆಚ್ಚುಕಮ್ಮಿ ಒಂದೇ! ನಾನು ಜುಮುಕಿಯಲ್ಲಿ ಎರಡರಷ್ಟು ಲಾಭ ಅಂತ ತಿಳ್ಕೊಂಡು ಅದನ್ನೇ ಜಾಸ್ತಿ ತರಿಸ್ತಿದ್ದೆ.

ಲೆಕ್ಕದ_ಪುಸ್ತಕ
ಒಂದೇ ಅಲ್ಲರೀ, ಜುಮುಕಿಯಾಗ ಕಡಿಮೀನ ಬರ್ತದ. ನಾ ನಾಲ್ಕೈದು ಸಣ್ಣ ಅಂಗಡಿಗಳ ಲೆಕ್ಕ ಬರೀತೀನಿ, ಅದಕ್ಕ ಹೇಳಾಕತ್ತೀನಿ. ಆ ಸರ ಒಂದೂವರೆ ತಿಂಗಳಾಗ ಹೋಗ್ತದ, ಜುಮುಕಿ ಒಂದು ವರ್ಷ ಟ್ರೇದಾಗ ಕುಂತಿರ್ತದ ಅಂತ ಹಿಡೀರಿ. ಗ್ರಾಮನ್ನ ತಿಂಗಳಿಗೆ ಗುಣಿಸಿ ನೋಡ್ರಿ. ಸರ, 20 ಗ್ರಾಂ ಒಂದೂವರೆ ತಿಂಗಳು, 30. ಜುಮುಕಿ, 12 ಗ್ರಾಂ ಹನ್ನೆರಡು ತಿಂಗಳು, 144. ಅಷ್ಟೇ ಉಳಿಕೆಗೆ ಐದು ಪಟ್ಟು ಹತ್ರ ಬಂಡವಾಳ ಕಟ್ಟಿ ಹಾಕೀರಿ. ಸಾಲ ತಂದು ಮಾಲು ಇಟ್ಟವ್ರಿಗೆ ಬಡ್ಡೀನ ಆ 0.82 ಗ್ರಾಮನ್ನ ತಿಂದು ಹಾಕ್ತದ.

ನಿಮ್ಮ ಟ್ಯಾಗ್ ಮ್ಯಾಲೆ ಮಾಲು ಬಂದ ತಾರೀಖು ಬರೀರಿ. ಮಾರಿದ ದಿನ ಆ ತಾರೀಖು ನೋಡಿ ಪುಸ್ತಕದಾಗ ಬರೀರಿ. ಆರು ತಿಂಗಳ ಆದ ಮ್ಯಾಲೆ ಯಾವ ಜಾತಿ ಒಡವಿಗೆ ಎಷ್ಟು ಹಾಕಬೇಕು ಅಂತ ಅದೇ ಹೇಳ್ತದ.

ನೇರ_ಮಾತು
ಒಂದು ವರ್ಷ ಟ್ರೇನಲ್ಲಿ ಕೂತ್ರೆ ಚಿನ್ನದ ಬೆಲೆ ಏರಿರುತ್ತಲ್ಲ, ಆ ಲಾಭ ಯಾಕೆ ಲೆಕ್ಕಕ್ಕೆ ಇಲ್ಲ?

ಲೆಕ್ಕದ_ಪುಸ್ತಕ
ಮಾರಿದ ದಿನಾನ ಅಷ್ಟೇ ತೂಕದ ಚಿನ್ನ ಅವತ್ತಿನ ದರಕ್ಕ ತಿರುಗಿ ತರಬೇಕಲ್ಲರಿ. ಇಲ್ಲಂದ್ರ ಟ್ರೇ ಖಾಲಿ ಆಗ್ತದ. ಅಂಗಡಿ ಮುಚ್ಚೋ ದಿನ ಮಾತ್ರ ಆ ಲಾಭ ಕೈಗೆ ಸಿಗ್ತದ. ದರ ಇಳಿದಾಗ ನಷ್ಟಾನೂ ಹಂಗ.

ಶೈಲಜಾ_ಮನೆಮಾತು
ನಾನು ಅಂಗಡಿಯವಳಲ್ಲ, ಒಡವೆ ಕೊಳ್ಳೋವಳು. ನನ್ನ ಹಳೇ ಬಳೆ ಕೊಟ್ಟಾಗ ಕರಗಿಸಿ ತೂಕ ಕಮ್ಮಿ ಅಂದ್ರು. ಆ ವೇಸ್ಟೇಜನ್ನ ಯಾವ ಲೆಕ್ಕದಲ್ಲಿ ಹಿಡಿದ್ರು ಅಂತ ಯಾರಾದ್ರೂ ಹೇಳ್ತೀರಾ?

ಕುಲುಮೆ_ಮನೆ
ಅದು ಬೇರೆ ವಿಷಯ ತಾಯಿ. ಇಲ್ಲಿ ಮಾತಾಡ್ತಿರೋದು ಹೊಸ ಒಡವೆ ಮಾಡೋವಾಗಿನ ಸವಕಳಿ. ಹಳೇದು ಕರಗಿಸಿದಾಗ ತೂಕ ಇಳಿಯೋದಕ್ಕೆ ಕೊಳೆ, ಒಳಗಿನ ಅರಗು ಕಾರಣ. ಹಳೇ ಬೆಸುಗೆಯಲ್ಲಿ ತಾಮ್ರ ಬೆಳ್ಳಿ ಜಾಸ್ತಿ ಇರ್ತಿತ್ತು, ಅದರಿಂದ ಶುದ್ಧತೆಯೂ ಇಳಿಯುತ್ತೆ. ಕರಗಿಸೋಕೆ ಮುಂಚೆ ಒಂದು ತೂಕ, ಕರಗಿದ ಗಟ್ಟಿಯದ್ದೊಂದು ತೂಕ ನಿಮ್ಮ ಕಣ್ಣೆದುರು ಹಾಕಿಸ್ಕೊಳ್ಳಿ. ಮೆಷಿನ್‌ನಲ್ಲಿ ಟಚ್ ನೋಡೋದಾದ್ರೆ ಕರಗಿಸಿದ ಮೇಲೆ ನೋಡಿಸಿ. ಆ ಮೆಷಿನ್ ಮೇಲ್ಮೈ ಮಾತ್ರ ನೋಡುತ್ತೆ, ಬಳೆ ಹಾಗೇ ಇಟ್ರೆ ಒಳಗಿನ ಬೆಸುಗೆ ಅದಕ್ಕೆ ಕಾಣಲ್ಲ.

ಶೈಲಜಾ_ಮನೆಮಾತು
ಬಳೆ ಟೊಳ್ಳಾಗಿತ್ತು, ಅರಗು ಇದ್ದಿರಬಹುದು. ಧನ್ಯವಾದ ಅಣ್ಣ. ಇನ್ನೊಂದು ಕೇಳ್ತೀನಿ, ಇದು ಹೊಸ ಒಡವೆಯದ್ದೇ. ಮಗಳಿಗೆ ಕೆಂಪುಕಲ್ಲಿನ ನೆಕ್ಲೇಸ್ ತಗೊಂಡ್ವಿ. ಒಟ್ಟು ತೂಕ 38 ಗ್ರಾಂ, ಕಲ್ಲು ಅರಗು ಕಳೆದು 31. ಚಿನ್ನದ ದುಡ್ಡು 31ಕ್ಕೇ ಹಾಕಿದ್ದಾರೆ. ಆದ್ರೆ 14% ವೇಸ್ಟೇಜ್ 38ರ ಮೇಲೆ ಹಾಕಿದ್ದಾರೆ. ಇದು ಸರಿನಾ?

ಹೋಲ್‌ಸೇಲ್_ಹುಡುಗ
ಖಂಡಿತ ಸರಿಯಲ್ಲ. 38ಕ್ಕೆ 14% ಅಂದ್ರೆ 5.32 ಗ್ರಾಂ. 31ಕ್ಕೆ 4.34. ನಿಮ್ಮಿಂದ ಒಂದು ಗ್ರಾಂ ಹತ್ತಿರ ಹೆಚ್ಚಿಗೆ ತಗೊಂಡಿದ್ದಾರೆ. ಕಲ್ಲು ಸವೆಯೋದಿಲ್ಲ, ಅರಗೂ ಸವೆಯೋದಿಲ್ಲ, ಅವಕ್ಕೆ ಯಾತರ ವೇಸ್ಟೇಜ್?

ಕುಲುಮೆ_ಮನೆ
ವೇಸ್ಟೇಜ್ ಅಂತ ಹಾಕಿದ್ದು ತಪ್ಪು, ನಾನೂ ಒಪ್ತೀನಿ. ಆದ್ರೆ ಕಲ್ಲು ಕೂರಿಸೋ ಕೆಲಸಕ್ಕೆ ಕೂಲಿ ಇದ್ದೇ ಇದೆ. ಒಂದೊಂದು ಕಲ್ಲಿಗೂ ಮನೆ ಕಟ್ಟಿ, ಅರಗು ತುಂಬಿ, ಕಲ್ಲು ಕೂರಿಸಿ, ಸುತ್ತ ಅಂಚು ಒತ್ತಬೇಕು. ಅದನ್ನ ಕಲ್ಲಿಗೆ ಇಷ್ಟು ಅಂತ ಬೇರೆ ಸಾಲಿನಲ್ಲಿ ಬರೀಬೇಕು. ಒಟ್ಟು ತೂಕಕ್ಕೆ ಶೇಕಡಾ ಹಾಕಿದ್ರೆ ದಪ್ಪ ಕಲ್ಲು ನಾಲ್ಕು ಇರೋ ಪದಕಕ್ಕೆ ಕೂಲಿ ಜಾಸ್ತಿ ಆಗುತ್ತೆ, ಸಣ್ಣ ಕಲ್ಲು ನಲವತ್ತು ಇರೋದಕ್ಕೆ ಕಮ್ಮಿ. ಕೆಲಸ ಇರೋದು ತಿರುಗಾಮುರುಗಾ.

ಕಲ್ಲಿನ ತೂಕ ಬಿಲ್ಲಲ್ಲಿ ಕ್ಯಾರಟ್ಟಲ್ಲಿ ಇದ್ರೆ ಐದರಿಂದ ಭಾಗಿಸಿ, ಗ್ರಾಂ ಸಿಗುತ್ತೆ. ಒಟ್ಟು ತೂಕದಲ್ಲಿ ಅದನ್ನೂ ಅರಗನ್ನೂ ಕಳೆದು ನೆಟ್ ತೂಕ ಬರಬೇಕು. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ನೆಟ್ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಕಾಣಿಸಲೇಬೇಕು ಅಂತ ಬಿಐಎಸ್ ನಿಯಮವೇ ಇದೆ. ಆ ಶುಲ್ಕ ಪೀಸಿಗೆ ಇಷ್ಟು ಅಂತ, ತೂಕಕ್ಕಲ್ಲ.

ಶೈಲಜಾ_ಮನೆಮಾತು
ಬಿಲ್ ತಗೊಂಡು ನಾಳೆಯೇ ಹೋಗ್ತೀನಿ.

ಪದಕ_ಪ್ರಿಯ
ಎಲ್ಲಾ ಸರಿ, ನನ್ನ ತಕರಾರು ಬೇರೆ. ಚಿನ್ನದ ದರ ಏರಿದ್ರೆ 16% ಕೂಡ ದುಡ್ಡಲ್ಲಿ ಏರುತ್ತಲ್ಲ? ಆಚಾರ್ರು ಅದೇ ಕೈ, ಅದೇ ಹೊತ್ತು. ದರ ಎರಡರಷ್ಟಾದ್ರೆ ಜುಮುಕಿ ಮಾಡೋಕೆ ಎರಡರಷ್ಟು ಹೊತ್ತು ಬೇಕಾ? ದರ್ಜಿ ಬಟ್ಟೆ ಬೆಲೆ ನೋಡಿ ಹೊಲಿಗೆ ಕೂಲಿ ಹೇಳಲ್ಲ.

ಹೋಲ್‌ಸೇಲ್_ಹುಡುಗ
ಅಂಗಡಿಯವರು ನಮಗೆ ಫೈನ್ ಚಿನ್ನದಲ್ಲೇ ಕೊಡೋದು. 20 ಗ್ರಾಂ ಸರಕ್ಕೆ ಆ 0.68 ಅವರು ಇವತ್ತಿನ ದರಕ್ಕೇ ತಂದು ಕೊಡ್ಬೇಕು. ಅವರಿಗೆ ಏರಿದ್ದು ನಿಮಗೂ ಏರುತ್ತೆ.

ಪದಕ_ಪ್ರಿಯ
ಆ 0.68ರ ಮಟ್ಟಿಗೆ ಒಪ್ಪಿದೆ. ಉಳಿದ 0.86? ಅಂಗಡಿ ಬಾಡಿಗೆ, ಹುಡುಗರ ಸಂಬಳ, ಕರೆಂಟು ಚಿನ್ನದ ದರ ನೋಡಿ ಏರ್ತವಾ? ಜುಮುಕಿಯಲ್ಲಿ ಆಚಾರ್ರಿಗೆ ಕೊಡೋ ದುಡ್ಡಿನ ಕೂಲಿ ಏರಿದೆಯಾ? ಅದನ್ನ ಹೇಳಿ.

ಲೆಕ್ಕದ_ಪುಸ್ತಕ
ಈ ಮಾತು ಖರೇ ಅದ. ಬಾಡಿಗಿ, ಪಗಾರ ಏರೂದಿಲ್ಲ. ಮಾಲಿನ ಬಂಡವಾಳ, ಅದರ ಬಡ್ಡಿ, ವಿಮಾ ಮಾತ್ರ ದರದ ಜೋಡೀನ ಏರ್ತಾವ. ಪೂರಾ ಶೇಕಡಾ ಹಾಕೋದೂ ತಪ್ಪು, ಪೂರಾ ರೊಕ್ಕದಾಗ ಹಾಕೋದೂ ತಪ್ಪು.

ಕುಲುಮೆ_ಮನೆ
ಆಚಾರ್ರ ಕೂಲಿ ದರದಷ್ಟು ಬೇಗ ಏರಿಲ್ಲ ಅನ್ನೋದು ನಿಜ, ಅದು ನನಗೆ ನೋವಿನ ವಿಷಯ. ಶೇಕಡಾ ಲೆಕ್ಕದಲ್ಲಿ ಏರಿದ ದುಡ್ಡು ಅಂಗಡಿಯಲ್ಲೇ ನಿಲ್ಲುತ್ತೆ. ಗುಂಡು ಕೂರಿಸೋ ಕೈಗಳು ಈ ಕೆಲಸ ಬಿಟ್ಟು ಹೋಗ್ತಿರೋದಕ್ಕೆ ಇದೂ ಒಂದು ಕಾರಣ. ನಾನು ನನ್ನ ಅಂಗಡಿಯಲ್ಲಿ ಎರಡು ಸಾಲು ಮಾಡಿದೀನಿ. ವೇಸ್ಟೇಜ್ ಅಂತ ಆಚಾರ್ರಿಗೆ ಬಿಟ್ಟಷ್ಟೇ ಶೇಕಡಾ, ಅದರ ಮೇಲೊಂದು. ಅಂದ್ರೆ ಜುಮುಕಿಗೆ 6%. ಮಜೂರಿ ಅಂತ ಜೊತೆಗೆ ಇಷ್ಟು ದುಡ್ಡು, ಅದು ಕೆಲಸ ನೋಡಿ. ಗುಂಡು ಜಾಸ್ತಿ ಇದ್ರೆ ಜಾಸ್ತಿ, ಸಾದಾ ಬುಟ್ಟಿ ಇದ್ರೆ ಕಮ್ಮಿ.

ಬೀದಿ_ಕೊನೆಯ_ಅಂಗಡಿ
ನಾನೂ ಹಾಗೆ ಮಾಡಿ ನೋಡಿ ಬಿಟ್ಟೆ ಮಾರಾಯ್ರೆ. ಬಿಲ್ಲಿನಲ್ಲಿ ವೇಸ್ಟೇಜ್ ಒಂದು ಸಾಲು, ಮಜೂರಿ ಇನ್ನೊಂದು ಸಾಲು ಕಂಡ ಕೂಡಲೇ ಗಿರಾಕಿ "ಎರಡೆರಡು ಸಲ ಹಾಕ್ತೀರಿ" ಅಂತ ಎದ್ದು ಹೋಗ್ತಾರೆ. ಪಕ್ಕದವರು 18% ಅಂತ ಒಂದೇ ಅಂಕಿ ಹೇಳ್ತಾರೆ, ಅಲ್ಲಿ ಹೆಚ್ಚು ಕೊಟ್ಟು ಖುಷಿಯಾಗಿ ತಗೊಳ್ತಾರೆ. ದೊಡ್ಡ ಅಂಗಡಿಯವರು "ಸರಕ್ಕೆ ವೇಸ್ಟೇಜ್ 3% ಮಾತ್ರ" ಅಂತ ಬೋರ್ಡ್ ಹಾಕಿದ್ರೆ ನಾವು ಏನು ಮಾಡುವುದು?

ಹೋಲ್‌ಸೇಲ್_ಹುಡುಗ
ಅವರು ಕೆಜಿಗಟ್ಟಲೆ ಎತ್ತೋದ್ರಿಂದ ಟಚ್ ಇಳಿಸ್ಕೋತಾರೆ. 95ಕ್ಕೆ ನಿಮಗೆ ಸಿಗೋದು ಅವರಿಗೆ ಅದಕ್ಕಿಂತ ಕೆಳಗೆ ಸಿಗುತ್ತೆ. ಆ 3% ಯಾವ ಸರಕ್ಕೆ ಅಂತಲೂ ಕೇಳಿ. ಸಾಮಾನ್ಯವಾಗಿ ಒಂದೆರಡು ಸಾದಾ ಡಿಸೈನಿಗೆ ಮಾತ್ರ ಇರುತ್ತೆ, ಪಕ್ಕದ ಟ್ರೇಗೆ ಕೈ ಹಾಕಿದ್ರೆ ಅಂಕಿ ಬದಲಾಗುತ್ತೆ.

ಹೊಸ_ತಕ್ಕಡಿ
ನನಗೆ ಇನ್ನೊಂದು ಗೊಂದಲ. ಹಗುರ ಸರಗಳಿಗೆ, ಅಂದ್ರೆ ಟೊಳ್ಳು ಸರ, 4 ಗ್ರಾಂ 5 ಗ್ರಾಂ ಇರೋದಕ್ಕೆ ಹೋಲ್‌ಸೇಲ್‌ನವರು ಜಾಸ್ತಿ ಟಚ್ ಕೇಳ್ತಾರೆ. ಅದೂ ಮೆಷಿನ್ ಮಾಲೇ ತಾನೆ?

ಕುಲುಮೆ_ಮನೆ
ಮೆಷಿನ್ನೇ ಆದ್ರೂ ಕೊಂಡಿಗಳ ಎಣಿಕೆ ಅಷ್ಟೇ, ಬೆಸುಗೆ ಅಷ್ಟೇ, ಪಾಲಿಶ್ ಅಷ್ಟೇ. ಚಿನ್ನ ಮಾತ್ರ ಕಾಲುಭಾಗ. ಅದೇ ಕೂಲಿಯನ್ನ ಸ್ವಲ್ಪ ಚಿನ್ನದ ಮೇಲೆ ಹಂಚಿದ್ರೆ ಶೇಕಡಾ ಏರಲೇಬೇಕು. ನಿಮ್ಮ ಮಾವ ಮೂಗುಬೊಟ್ಟಿಗೆ ಪೀಸ್ ಲೆಕ್ಕ ಇಟ್ಟಿರೋದೂ ಇದಕ್ಕೇ. 0.4 ಗ್ರಾಂ ಬೊಟ್ಟಿಗೆ 16% ಹಾಕಿದ್ರೆ 0.064 ಗ್ರಾಂ. ಅದರ ತಿರುಪು ಕೊರೆಯೋ ಕೂಲಿಯೂ ಹುಟ್ಟಲ್ಲ. ನನ್ನ ಕೇಳಿದ್ರೆ ಎರಡು ಗ್ರಾಂ ಒಳಗಿನ ಯಾವುದಕ್ಕೂ ಶೇಕಡಾ ಬೇಡ, ಕನಿಷ್ಠ ಮಜೂರಿ ಇಟ್ಟುಬಿಡಿ. ಎರಡು ಗ್ರಾಂ ಒಳಗಿನದಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ಹಾಗಾಗಿ ಶುದ್ಧತೆಯನ್ನ ಬಿಲ್ಲಲ್ಲಿ ನೀವೇ ಬರೆದು ಕೊಡಿ.

ಟೊಳ್ಳು ಸರ ಮಾರೋವಾಗ ಇನ್ನೊಂದು ಹೇಳಿ. ನೆಗ್ಗಿದ್ರೆ, ತುಂಡಾದ್ರೆ ರಿಪೇರಿ ಕಷ್ಟ. ತೆಳು ಗೋಡೆ ಬೆಂಕಿಗೆ ಕರಗಿ ಕೂತುಬಿಡುತ್ತೆ.

ನೇರ_ಮಾತು
ಕುಲುಮೆ_ಮನೆ ಅವರೇ, ನಿಮ್ಮ ಲೆಕ್ಕ ಒಪ್ಪಿದೆ. ಆದ್ರೂ ಒಂದು ಮಾತು. ಮೆಷಿನ್ ಬಳೆಗೆ ಕೂಡ 12, 14 ಹಾಕೋರು ಇದ್ದಾರೆ. ಅಲ್ಲಿ ಆಚಾರ್ರೂ ಇಲ್ಲ, ಗುಂಡೂ ಇಲ್ಲ. ಕೈಕೆಲಸದ ಹೆಸರು ಹೇಳಿ ಮೆಷಿನ್ ಮಾಲಿಗೆ ದುಡ್ಡು ಎಳೀತಾರೆ. ಗಿರಾಕಿಗೆ ಗುರುತು ಹಿಡಿಯೋದು ಹೇಗೆ?

ಕುಲುಮೆ_ಮನೆ
ಎರಡು ಬಳೆ ಪಕ್ಕಪಕ್ಕ ಇಟ್ಟು ನೋಡಿ. ಮೆಷಿನ್‌ನಲ್ಲಿ ಕೊರೆದ ಗೆರೆ ಸುತ್ತಲೂ ಒಂದೇ ಆಳ, ಒಂದೇ ಅಂತರ, ಎರಡೂ ಬಳೆಯಲ್ಲಿ ಚಾಚೂ ತಪ್ಪಲ್ಲ. ಎರಕದ್ದಾದ್ರೆ ಒಳಮೈ ನೋಡಿ, ಉಗುರು ತಾಗದ ಮೂಲೆಗಳಲ್ಲಿ ಮರಳು ಮರಳಾದ ಮೈ ಇರುತ್ತೆ, ಕೆಲವು ಸಲ ಸೂಜಿಮೊನೆಯಷ್ಟು ಗುಳಿ. ಕೈಯದ್ದರಲ್ಲಿ ಹೂವಿಗೂ ಹೂವಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತೆ, ಹಿಂಭಾಗದಲ್ಲಿ ಬೆಸುಗೆ ಕಾಣುತ್ತೆ. ಆದ್ರೆ ಅರ್ಧ ಎರಕ, ಅರ್ಧ ಕೈ ಅಂತ ಮಾಡಿದ ಮಾಲು ಈಗ ಬಹಳ. ಅದನ್ನ ನೋಡಿ ಹೇಳೋದು ನಮಗೂ ಸುಲಭ ಅಲ್ಲ.

ಹೊಸ_ತಕ್ಕಡಿ
ಎಲ್ಲರಿಗೂ ತುಂಬಾ ಧನ್ಯವಾದ. ಮಾವನವರ ಹತ್ತಿರ ಕೂತು ಮಾತಾಡಿದೆ. ಸದ್ಯಕ್ಕೆ ಹೀಗೆ ಅಂದುಕೊಂಡಿದೀನಿ. ಮೆಷಿನ್ ಸರ 8 ಹಾಗೇ ಇರಲಿ, ಸಾದಾ ಡಿಸೈನಿಗೆ 6. ಜುಮುಕಿಗೆ ವೇಸ್ಟೇಜ್ 6%, ಮಜೂರಿ ಜೊತೆಗೆ ಇಷ್ಟು ಅಂತ ಟ್ಯಾಗಿನಲ್ಲೇ ಬರೆದಿಡ್ತೀನಿ. ಎರಡೂ ಸೇರಿ ಇವತ್ತಿನ ದರಕ್ಕೆ 17% ಹತ್ತಿರ ಆಗುತ್ತೆ. ದರ ಏರಿದ್ರೆ ಆ ಶೇಕಡಾ ತಾನೇ ಇಳಿಯುತ್ತೆ, ಇಳಿದ್ರೆ ಏರುತ್ತೆ. ಗಿರಾಕಿಗೆ ಅದನ್ನೇ ಹೇಳ್ತೀನಿ. ಮಾಲು ಬಂದ ತಾರೀಖು ನಾಳೆಯಿಂದಲೇ ಟ್ಯಾಗಿನ ಹಿಂದೆ. ಮಾವನವರಿಗೆ ಎರಡು ಸಾಲಿನ ಬಿಲ್ ಅಷ್ಟು ಇಷ್ಟ ಇಲ್ಲ, ಬೀದಿ_ಕೊನೆಯ_ಅಂಗಡಿ ಅವರು ಹೇಳಿದ್ದನ್ನೇ ಅವರೂ ಹೇಳ್ತಾರೆ.

ಬೀದಿ_ಕೊನೆಯ_ಅಂಗಡಿ
ಮಾವ ಹೇಳಿದ್ದು ಕೇಳಿ ಅಂತಲೇ ನಾನು ಹೇಳುವುದು. ಎರಡು ಸಾಲು ಬೇಕಾದರೆ ಬಾಯಲ್ಲಿ ಒಟ್ಟು ಮೊತ್ತ ಮೊದಲು ಹೇಳಿ, ಬಿಲ್ ಆಮೇಲೆ ತೋರಿಸಿ.

ಪದಕ_ಪ್ರಿಯ
ನಾನು ಗಿರಾಕಿಯಾಗಿ ಹೇಳ್ತೀನಿ, ಎರಡು ಸಾಲಿನ ಬಿಲ್ಲೇ ನನಗೆ ಬೇಕು. ಯಾವುದಕ್ಕೆ ಎಷ್ಟು ಕೊಟ್ಟೆ ಅಂತ ಗೊತ್ತಾದ್ರೆ ಚೌಕಾಸಿ ಮಾಡೋಕೂ ಒಂದು ದಾರಿ.

ಶೈಲಜಾ_ಮನೆಮಾತು
ಹೋಗಿ ಬಂದೆ. ಮೊದಲು "ಎಲ್ಲಾ ಕಡೆ ಹೀಗೇ" ಅಂದ್ರು. ನೆಟ್ ತೂಕ ತೋರಿಸಿ, ಕಲ್ಲು ಕೂರಿಸಿದ ಕೂಲಿ ಬೇರೆ ಬರೆದುಕೊಡಿ ಅಂದೆ. ಆಮೇಲೆ ಅರ್ಧ ಗ್ರಾಂನಷ್ಟು ದುಡ್ಡು ಕಡಿಮೆ ಮಾಡಿ, ಉಳಿದದ್ದನ್ನ ಕಲ್ಲಿನ ಕೂಲಿ ಅಂತ ಬರೆದ್ರು. ನೂರೆಂಟು ಕಲ್ಲು ಇದೆ, ಹಾಗಾಗಿ ಸುಮ್ಮನಾದೆ. ಕರಿಮಣಿ ಸರಕ್ಕೂ ಹೀಗೇ ಕೇಳಬೇಕಾ? ಮುಂದಿನ ತಿಂಗಳು ಅದು ತಗೋಬೇಕು.

ಹೋಲ್‌ಸೇಲ್_ಹುಡುಗ
ಕೇಳಲೇಬೇಕು ಅಕ್ಕಾ. ಪೋಣಿಸೋಕೆ ಮುಂಚೆ ಮಣಿಗಳ ತೂಕ ಎಷ್ಟು ಅಂತ ಟ್ಯಾಗಿನಲ್ಲಿ ಇರುತ್ತೆ. ಇಲ್ಲದಿದ್ರೆ ಅದೇ ಅಳತೆಯ ಬಿಡಿ ಮಣಿ ಹತ್ತು ತೂಗಿಸಿ, ಸರದಲ್ಲಿರೋ ಮಣಿ ಎಣಿಸಿ ಲೆಕ್ಕ ಹಾಕಿಸಿ. ತಂತಿ ಕಟ್ಟಿದ ಸರ ಆದ್ರೆ ಮಜೂರಿ ಸ್ವಲ್ಪ ಜಾಸ್ತಿ ಕೇಳ್ತಾರೆ, ಅದು ನ್ಯಾಯವೇ. ಒಂದೊಂದು ಮಣಿಗೂ ಎರಡು ಕಡೆ ಕೊಂಡಿ ತಿರುವಬೇಕು.